ನಾನೋಗ್ರಾಮ್‌ನಲ್ಲಿ ಓವರ್‌ಲ್ಯಾಪ್ ಮೊದಲೋ, ಅಂಚು ಮೊದಲೋ?

ನಾನೋಗ್ರಾಮ್ ಎಂದರೆ ಅಡ್ಡಸಾಲು, ಕಂಬಸಾಲುಗಳ ಸಂಖ್ಯೆಗಳನ್ನು ನೋಡಿ ಮನೆಗಳನ್ನು ಕಪ್ಪಾಗಿಸುವ ಒಗಟು; ಒಂದೊಂದು ಸಂಖ್ಯೆಯೂ ಒತ್ತಾಗಿ ಬರುವ ಒಂದು ಕಪ್ಪು ತುಂಡಿನ ಉದ್ದ. ಅದನ್ನು ಬಿಡಿಸಲು ನಾನು ಬಹಳ ದಿನ ನೆಚ್ಚಿಕೊಂಡಿದ್ದು ಓವರ್‌ಲ್ಯಾಪ್ ಲೆಕ್ಕವನ್ನು ಮಾತ್ರ. ಹತ್ತು ಮನೆಗಳ ಅಡ್ಡಸಾಲಿಗೆ ‘4 3’ ಎಂಬ ಸುಳಿವು ಇದೆ ಎನ್ನೋಣ. ನಾಲ್ಕು ಕಪ್ಪು, ನಡುವೆ ಒಂದು ಖಾಲಿ, ಮೂರು ಕಪ್ಪು ಸೇರಿ 8. ಉಳಿಯುವ ಸಡಿಲ 2 ಮನೆ. 4ರ ತುಂಡನ್ನು ಎಡಕ್ಕೆ ಒತ್ತಿದರೆ 1ರಿಂದ 4, ಬಲಕ್ಕೆ ಒತ್ತಿದರೆ 3ರಿಂದ 6. ಎರಡು ಬಾರಿಯೂ ಕಪ್ಪಾಗುವ 3 ಮತ್ತು 4ನೇ ಮನೆಗಳನ್ನು ಕಣ್ಣುಮುಚ್ಚಿ ತುಂಬಬಹುದು. 3ರ ತುಂಡು 8ನೇ ಮನೆಯನ್ನು ಕೊಡುತ್ತದೆ.

ವೇಗದಲ್ಲಿ ಇದಕ್ಕೆ ಸಾಟಿಯಿಲ್ಲ, ಆದರೆ ಒಂದು ಗುಂಡಿ ಇದೆ. ‘3 3’ ಸಾಲಿನಲ್ಲಿ 5 ಮತ್ತು 6ನೇ ಮನೆಗಳು ಎಡಕ್ಕೆ ಒತ್ತಿದಾಗಲೂ ಬಲಕ್ಕೆ ಒತ್ತಿದಾಗಲೂ ಕಪ್ಪಾಗುತ್ತವೆ. ನಾನು ಅವನ್ನು ತುಂಬಿ ಒಂದಿಡೀ ಒಗಟನ್ನು ಹಾಳುಮಾಡಿಕೊಂಡಿದ್ದೇನೆ. ಅಲ್ಲಿ ಒಮ್ಮೆ ಬರುವುದು ಎರಡನೆಯ ತುಂಡು, ಇನ್ನೊಮ್ಮೆ ಮೊದಲನೆಯದು. ಒಂದೇ ತುಂಡು ಎರಡು ಬಾರಿಯೂ ಮುಚ್ಚಿದ ಮನೆ ಮಾತ್ರ ಖಚಿತ. ತಪ್ಪು ಗೊತ್ತಾಗುವುದು ಬಹಳ ತಡವಾಗಿ, ಯಾವುದೋ ಕಂಬಸಾಲಿನಲ್ಲಿ ಸಂಖ್ಯೆಗಳು ಹಿಡಿಸದೆ ಹೋದಾಗ.

ತುಂಡು ಚಿಕ್ಕದಾಗಿ ಸಡಿಲ ಹೆಚ್ಚಿದ್ದರೆ ಈ ಲೆಕ್ಕ ಸುಮ್ಮನಾಗುತ್ತದೆ. ನನ್ನನ್ನು ಅಂಚಿನ ತರ್ಕಕ್ಕೆ ಒಲಿಸಿದ್ದು ಅಂಥ ಒಂದು ಸಾಲು. ಹತ್ತು ಮನೆಗಳ ಮೇಲಿನ ಸಾಲಿಗೆ ಬರೀ ‘4’, ಸಡಿಲ 6. ಓವರ್‌ಲ್ಯಾಪ್‌ನಿಂದ ಒಂದು ಮನೆಯೂ ಸಿಗದು. ಅದರ ಕೆಳಗಿನ ಸಾಲಿಗೆ ‘1 1’. ಕಂಬಸಾಲುಗಳ ಮೊದಲ ಸಂಖ್ಯೆಗಳು ಕ್ರಮವಾಗಿ 3, 2, 4, 1, 1, 1, 1, 5, 2, 3.

ಮೇಲಿನ ಸಾಲು ಚೌಕಟ್ಟಿನ ಅಂಚಾದ್ದರಿಂದ, ಅಲ್ಲಿ ಕಪ್ಪಾದ ಮನೆಯೇ ಆ ಕಂಬಸಾಲಿನ ಮೊದಲ ತುಂಡಿನ ತಲೆ. ಮೊದಲ ಸಂಖ್ಯೆ 2 ಅಥವಾ ಹೆಚ್ಚಿದ್ದರೆ ಕೆಳಗಿನ ಮನೆಯೂ ಕಪ್ಪಾಗಲೇಬೇಕು. ತುಂಡನ್ನು 1ರಿಂದ 4ರಲ್ಲಿ ಇಟ್ಟರೆ ಎರಡನೇ ಸಾಲಿನಲ್ಲಿ 1, 2, 3ನೇ ಮನೆಗಳು ಒತ್ತಾಗಿ ಕಪ್ಪಾಗುತ್ತವೆ. ‘1 1’ ಅದನ್ನು ಒಪ್ಪುವುದಿಲ್ಲ. 2ರಿಂದ 5ರಲ್ಲಿ ಇಟ್ಟರೂ ಎರಡು ಕಪ್ಪು ಅಂಟಿಕೊಳ್ಳುತ್ತವೆ. ಬಲತುದಿಯ 6ರಿಂದ 9, 7ರಿಂದ 10ಕ್ಕೂ ಇದೇ ಗತಿ. ಉಳಿದ ಮೂರು ಜಾಗಗಳೂ 3ರಿಂದ 8ರೊಳಗೇ ಇವೆ. ಆರು ಮನೆಗಳಲ್ಲಿ 4, ಸಡಿಲ 2: ಈಗ ಓವರ್‌ಲ್ಯಾಪ್‌ಗೆ ಜೀವ ಬಂದು 5 ಮತ್ತು 6ನೇ ಮನೆಗಳು ಕಪ್ಪಾಗುತ್ತವೆ. 1, 2, 9, 10 ಖಾಲಿ ಎಂದು ಗುಣಾಕಾರದ ಗುರುತು. 5 ಮತ್ತು 6ನೇ ಕಂಬಸಾಲುಗಳ ಮೊದಲ ಸಂಖ್ಯೆ 1 ಆದ್ದರಿಂದ ಅವುಗಳ ಕೆಳಗಿನ ಮನೆಗಳೂ ಖಾಲಿ.

ಹಾಗಾಗಿ ನನ್ನ ಆಯ್ಕೆಯ ಕ್ರಮ ಹೀಗಿದೆ: ಮೊದಲ ಸುತ್ತು ಓವರ್‌ಲ್ಯಾಪ್, ಅದು ನಿಂತಲ್ಲಿ ಅಂಚು, ಜಾಗ ಕಿರಿದಾದೊಡನೆ ಮತ್ತೆ ಓವರ್‌ಲ್ಯಾಪ್. ಅಂಚಿನ ತರ್ಕಕ್ಕೆ ಪ್ರತಿ ಜಾಗವನ್ನೂ ಇಟ್ಟು ನೋಡುವ ತಾಳ್ಮೆ ಬೇಕು. ಎರಡನೇ ಸಾಲಿನ ಸಂಖ್ಯೆಗಳು ದೊಡ್ಡದಿದ್ದರೆ, ಇಲ್ಲವೇ ಕಂಬಸಾಲುಗಳು ಬಹುತೇಕ 1ರಿಂದಲೇ ಶುರುವಾದರೆ ನಾನು ಆ ಅಂಚನ್ನು ಬಿಟ್ಟು ಬೇರೆ ಮೂರು ಅಂಚುಗಳ ಕಡೆ ತಿರುಗುತ್ತೇನೆ.