ಹೋರಿಯ ಹಿಂದೆ ಕ್ಯಾಮೆರಾ: ಲರ್ಪ್ ಮತ್ತು ಸ್ಪ್ರಿಂಗ್, ಎರಡನ್ನೂ ಓಡಿಸಿ ನೋಡಿದ್ದು

ದೀಪಾವಳಿ ಬಂತೆಂದರೆ ಹಾವೇರಿ ಸೀಮೆಯಲ್ಲಿ ಹೋರಿ ಹಬ್ಬ. ಕೊಬ್ಬರಿ ಹಾರ ಕಟ್ಟಿದ ಹೋರಿ ಜನರ ನಡುವೆ ನುಗ್ಗಿ ಓಡುತ್ತದೆ, ಹುಡುಗರು ಹಾರ ಹರಿಯಲು ಮೇಲೆ ಬೀಳುತ್ತಾರೆ. ಅದನ್ನೇ ಇಟ್ಟುಕೊಂಡು ಹುಬ್ಬಳ್ಳಿಯ ಮನೆಯಲ್ಲಿ ಸಂಜೆ ಹೊತ್ತು ಒಂದು ಸಣ್ಣ ಮೊಬೈಲ್ ಆಟ ಕಟ್ಟುತ್ತಿದ್ದೇನೆ. ಆಡುವವರು ಹೋರಿಯನ್ನು ಓಡಿಸಬೇಕು, ಎದುರು ನಿಂತವರ ಕೈಗೆ ಸಿಗದಂತೆ ತಪ್ಪಿಸಬೇಕು. ಕ್ಯಾಮೆರಾ ಹೋರಿಯನ್ನು ಹಿಂಬಾಲಿಸಲು ಎಲ್ಲರೂ ಬರೆಯುವ ಸಾಲನ್ನೇ ನಾನೂ ಬರೆದಿದ್ದೆ:

```
cam = cam + (target - cam) * 0.1
```

ಪ್ರತಿ ಫ್ರೇಮಿಗೆ ಉಳಿದ ದೂರದ ಹತ್ತನೇ ಒಂದು ಭಾಗ ಸರಿಯುವುದು, ಅಷ್ಟೇ. ಲರ್ಪ್ ಎನ್ನುವುದು ಇದನ್ನೇ. ನನ್ನ ಫೋನಿನಲ್ಲಿ ಚೆನ್ನಾಗಿತ್ತು. ಹಾವೇರಿಯಲ್ಲಿರುವ ಚಿಕ್ಕಪ್ಪನ ಮಗನಿಗೆ ಕಳಿಸಿದೆ. ರಾತ್ರಿ ಫೋನ್ ಮಾಡಿ, "ಅಣ್ಣಾ, ಹೋರಿ ಮುಂದ ಯಾರು ನಿಂತಾರ ಅನ್ನೂದ ಕಾಣವಲ್ದು, ಹೋರಿ ಸ್ಕ್ರೀನಿನ ಅಂಚಿಗೇ ಹೋಗಿ ನಿಂತೈತಿ" ಅಂದ.

ಅವನ ಫೋನ್ ಹಳೆಯದು, ಆಟ ಅದರಲ್ಲಿ ಸೆಕೆಂಡಿಗೆ 30 ಫ್ರೇಮ್ ಓಡುತ್ತದೆ. ನನ್ನದರಲ್ಲಿ 120. ಹೋರಿಯ ವೇಗ ಸೆಕೆಂಡಿಗೆ 600 ಪಿಕ್ಸೆಲ್. ಓಟ ಒಂದೇ ಸಮ ಆದಮೇಲೆ ಕ್ಯಾಮೆರಾ ಎಷ್ಟು ಹಿಂದೆ ಉಳಿಯುತ್ತದೆಂದು ಲೆಕ್ಕ ಹಾಕಿದೆ. ಒಂದು ಫ್ರೇಮಿನಲ್ಲಿ ಹೋರಿ ಸಾಗುವ ದೂರದ ಒಂಬತ್ತು ಪಟ್ಟು ಬರುತ್ತದೆ. 120 ಫ್ರೇಮಿನಲ್ಲಿ ಅದು 45 ಪಿಕ್ಸೆಲ್, 60ರಲ್ಲಿ 90, ತಮ್ಮನ ಫೋನಿನಲ್ಲಿ 180. ಪರದೆಯ ಅಗಲ 960. ಹೋರಿಯ ಮುಂದೆ ನನಗೆ 435 ಪಿಕ್ಸೆಲ್ ಕಾಣುತ್ತಿದ್ದರೆ ಅವನಿಗೆ ಕಾಣುತ್ತಿದ್ದುದು ಬರೀ 300. ಆ ವೇಗದಲ್ಲಿ ಅದು ಅರ್ಧ ಸೆಕೆಂಡು. ಅವನು ಆಡುತ್ತಿದ್ದುದು ನನ್ನದಕ್ಕಿಂತ ಕಷ್ಟದ ಬೇರೆಯೇ ಆಟ. ಫೋನ್ ಬಿಸಿಯಾಗಿ ಫ್ರೇಮ್ ಏರಿಳಿದರಂತೂ ಈ ಅಂತರವೂ ಏರಿಳಿಯುತ್ತದೆ, ಹೋರಿ ನಡುಗಿದಂತೆ ಕಾಣುತ್ತದೆ. ನಿಮ್ಮ ಆಟದಲ್ಲಿ ಇದೇ ದೋಷ ಇದೆಯೇ ಎಂದು ತಿಳಿಯಲು ಫ್ರೇಮ್ ಮಿತಿಯನ್ನು ಬೇಕೆಂದೇ 30ಕ್ಕೆ ಇಳಿಸಿ ಒಮ್ಮೆ ಆಡಿದರೆ ಸಾಕು.

ಲರ್ಪ್‌ಗೆ ಅನ್ಯಾಯ ಆಗಬಾರದೆಂದು ಮೊದಲು ಅದನ್ನೇ ಸರಿಪಡಿಸಿದೆ. 0.1ರ ಜಾಗದಲ್ಲಿ `1 - exp(-k*dt)` ಹಾಕಿ, 60 ಫ್ರೇಮಿನಲ್ಲಿ ಮೊದಲಿನಂತೆಯೇ ನಡೆಯಲು k ಅನ್ನು 6.32 ಮಾಡಿದೆ. `dt` ಎಂದರೆ ಒಂದು ಫ್ರೇಮಿಗೆ ಹಿಡಿದ ಹೊತ್ತು, ಸೆಕೆಂಡಿನಲ್ಲಿ. ಈಗ 30 ಫ್ರೇಮಿನಲ್ಲಿ 85 ಪಿಕ್ಸೆಲ್, 120ರಲ್ಲಿ ಸುಮಾರು 92. ಫೋನ್ ಬದಲಾದರೂ ಆಟ ಒಂದೇ ಆಯಿತು. ಕೆಲವರು `k*dt` ಅಂತಷ್ಟೇ ಬರೆದು ಬಿಡುತ್ತಾರೆ. ಒಂದು ಫ್ರೇಮ್ ಬಹಳ ತಡವಾಗಿ ಆ ಗುಣಲಬ್ಧ 1 ದಾಟಿತೋ, ಕ್ಯಾಮೆರಾ ಗುರಿಯನ್ನು ಹಾರಿ ಆಚೆ ಬೀಳುತ್ತದೆ. `exp` ಇದ್ದರೆ ಆ ಭಯವಿಲ್ಲ.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಮುಂದಿನ ಜನ ಇನ್ನಷ್ಟು ಕಾಣಲಿ ಎಂದು ಹೋರಿ ಮುಖ ಮಾಡಿದ ಕಡೆಗೆ ಕ್ಯಾಮೆರಾದ ಗುರಿಯನ್ನು 120 ಪಿಕ್ಸೆಲ್ ಮುಂದೆ ಇಟ್ಟೆ. ಹೋರಿ ಗಕ್ಕನೆ ತಿರುಗಿದಾಗ ಗುರಿ ಒಂದೇ ಏಟಿಗೆ 240 ಪಿಕ್ಸೆಲ್ ಜಿಗಿಯುತ್ತದೆ. ಆಗ 60 ಫ್ರೇಮಿನ ಲೆಕ್ಕದಲ್ಲಿ ಲರ್ಪ್ ಮೊದಲ ಫ್ರೇಮಿನಲ್ಲೇ 24 ಪಿಕ್ಸೆಲ್ ಎಳೆಯುತ್ತದೆ, ಆಮೇಲೆ ನಿಧಾನವಾಗುತ್ತ ಹೋಗುತ್ತದೆ. ಅತಿ ಹೆಚ್ಚು ವೇಗ ಮೊಟ್ಟಮೊದಲ ಕ್ಷಣದಲ್ಲೇ ಇರುವುದರಿಂದ ಪ್ರತಿ ತಿರುವಿಗೂ ಕಣ್ಣಿಗೆ ಹೊಡೆದಂತಾಗುತ್ತಿತ್ತು.

ಕ್ರಿಟಿಕಲ್ ಡ್ಯಾಂಪಿಂಗ್ ಇರುವ ಸ್ಪ್ರಿಂಗ್ ತಂದದ್ದು ಇದಕ್ಕಾಗಿ. ಗುರಿಯ ಕಡೆಗೆ ಒಂದು ಎಳೆತ, ವೇಗಕ್ಕೆ ಒಂದು ತಡೆ. ತಡೆ ಕಡಿಮೆಯಾದರೆ ಕ್ಯಾಮೆರಾ ಗುರಿಯ ಆಚೀಚೆ ತೂಗಾಡುತ್ತದೆ, ಹೆಚ್ಚಾದರೆ ತೆವಳುತ್ತದೆ. ತೂಗಾಟ ಆಗಷ್ಟೇ ನಿಲ್ಲುವ ಗಡಿಯೇ ಕ್ರಿಟಿಕಲ್. ಲರ್ಪ್‌ಗೆ ನೆನಪಿಲ್ಲ, ಸ್ಪ್ರಿಂಗ್‌ಗೆ ತನ್ನ ವೇಗ `v` ನೆನಪಿರುತ್ತದೆ. ಕೆಳಗೆ `x` ಎಂದರೆ ಕ್ಯಾಮೆರಾದ ಜಾಗ, `w` ಎಂದರೆ ಎಳೆತದ ಬಿಗಿ. ಇದರ ಸಮೀಕರಣಕ್ಕೆ ನಿಖರ ಉತ್ತರವೇ ಇರುವುದರಿಂದ ಫ್ರೇಮ್ ಎಷ್ಟೇ ಉದ್ದವಾದರೂ ಲೆಕ್ಕ ಸಿಡಿಯುವುದಿಲ್ಲ:

```
d = x - target
c = v + w*d
e = exp(-w*dt)
x = target + (d + c*dt)*e
v = (v - w*c*dt)*e
```

ಹೋಲಿಕೆ ನ್ಯಾಯವಾಗಿರಬೇಕಾದರೆ ಎರಡೂ ಅರ್ಧ ದಾರಿಯನ್ನು ಒಂದೇ ಹೊತ್ತಿನಲ್ಲಿ ಮುಗಿಸಬೇಕು. ನನ್ನ ಲರ್ಪ್‌ಗೆ ಅದು 0.11 ಸೆಕೆಂಡು. ಸ್ಪ್ರಿಂಗ್‌ನಲ್ಲಿ w ಎಂದರೆ 1.678 ಭಾಗಿಸು ಅರ್ಧ ದಾರಿಯ ಹೊತ್ತು, ಅಂದರೆ 15.3. ಹೀಗೆ ಇಟ್ಟು ತಿರುಗಿಸಿದಾಗ ಕ್ಯಾಮೆರಾ ಮೊದಲ ಫ್ರೇಮಿನಲ್ಲಿ 7 ಪಿಕ್ಸೆಲ್ ಸರಿಯಿತು, ಆಮೇಲೆ 16, 20, 22. ಗರಿಷ್ಠ ವೇಗ ಹೆಚ್ಚುಕಡಿಮೆ ಅಷ್ಟೇ, ಆದರೆ ಅದಕ್ಕೆ ಮೆಟ್ಟಿಲು ಹತ್ತಿ ಹೋಗುತ್ತದೆ. ಹೊಡೆತ ಮಾಯವಾಯಿತು.

ನಿಧಾನವಾಗಿ ಶುರುವಾಗುವುದರಿಂದ ಓಡುವ ಹೋರಿಯ ಹಿಂದೆ ಸ್ಪ್ರಿಂಗ್ ಇನ್ನೂ ಹಿಂದುಳಿಯುತ್ತದೆ ಎಂದುಕೊಂಡಿದ್ದೆ. ಆದದ್ದು ಉಲ್ಟಾ. ಒಂದೇ ವೇಗದಲ್ಲಿ ಓಡುವ ಗುರಿಯ ಹಿಂದೆ ಸ್ಪ್ರಿಂಗ್ ಉಳಿಯುವುದು ಹೆಚ್ಚುಕಡಿಮೆ ವೇಗದ 2/w ಪಾಲು, ಲರ್ಪ್ ಉಳಿಯುವುದು 1/k ಪಾಲು. 60 ಫ್ರೇಮಿನಲ್ಲಿ ಅಳೆದರೆ ಲರ್ಪ್‌ಗೆ 90 ಪಿಕ್ಸೆಲ್, ಸ್ಪ್ರಿಂಗ್‌ಗೆ 73. ಕಾರಣ ಲರ್ಪ್‌ನ ಬಾಲ. ಅದು ಮೊದಲು ದುಡುಕಿ, ಕೊನೆಯ ಚೂರು ದೂರಕ್ಕೆ ಬಹಳ ಹೊತ್ತು ಎಳೆದಾಡುತ್ತದೆ.

ಆ ಬಾಲ ಚೆನ್ನಾಗಿ ಕಾಣುವುದು ಅಂಕದ ಎಣಿಕೆಯಲ್ಲಿ. ಹೋರಿ ಸುತ್ತು ಮುಗಿಸಿದರೆ ಅಂಕ 0ರಿಂದ 1000ಕ್ಕೆ ಏರುತ್ತದೆ. ಲರ್ಪ್‌ನಲ್ಲಿ ಪರದೆಯ ಮೇಲೆ 1000 ಮೂಡಲು 1.2 ಸೆಕೆಂಡು ಹಿಡಿಯಿತು, 997, 998 ಎಂದು ಕೊನೆಯಲ್ಲಿ ತಿಣುಕುತ್ತಿತ್ತು. ಸ್ಪ್ರಿಂಗ್‌ನಲ್ಲಿ 0.65 ಸೆಕೆಂಡಿಗೆ ಮುಗಿಯಿತು. ಅರ್ಧ ದಾರಿಯ ಹೊತ್ತು ಎರಡಕ್ಕೂ ಒಂದೇ ಎಂಬುದನ್ನು ಮರೆಯಬೇಡಿ.

ಸ್ಪ್ರಿಂಗ್ ಕೈಕೊಟ್ಟ ಜಾಗಗಳೂ ಇವೆ, ಎರಡಕ್ಕೂ ಮೂಲ ಆ ನೆನಪೇ. ಹೋರಿ ಸಿಕ್ಕಿಬಿದ್ದಾಗ ಅದನ್ನೂ ಕ್ಯಾಮೆರಾವನ್ನೂ ಶುರುವಿನ ಜಾಗಕ್ಕೆ ತಂದು ನಿಲ್ಲಿಸುತ್ತೇನೆ. ನಿಲ್ಲಿಸಿದ ಮೇಲೂ ಕ್ಯಾಮೆರಾ ತಾನಾಗಿ 14 ಪಿಕ್ಸೆಲ್‌ನಷ್ಟು ಮುಂದೆ ಜಾರಿ ವಾಪಸು ಬರುತ್ತಿತ್ತು. x ಬದಲಿಸಿದ್ದೆ, `v` ಮಾತ್ರ 600 ಆಗಿಯೇ ಉಳಿದಿತ್ತು. ಜಾಗ ಬದಲಿಸುವ ಕಡೆಯೆಲ್ಲ `v = 0` ಬರೆದ ಮೇಲೆ ಸರಿಹೋಯಿತು. ಇನ್ನೊಂದು ಅಂಕದ್ದು. ಎಣಿಕೆ ಜೋರಾಗಿ ಏರುತ್ತಿರುವಾಗಲೇ ಹಾರ ಹರಿದು ಗುರಿ ಕೆಳಗಿಳಿದರೆ, ಸಂಖ್ಯೆ ಹೊಸ ಗುರಿಯನ್ನು ದಾಟಿ ಹೋಗಿ ಹಿಂದಕ್ಕೆ ಬರುತ್ತದೆ. ಕ್ರಿಟಿಕಲ್ ಸ್ಪ್ರಿಂಗ್ ಗುರಿ ದಾಟುವುದೇ ಇಲ್ಲ ಎನ್ನುವುದು ನಿಂತಲ್ಲಿಂದ ಹೊರಟಾಗ ಮಾತ್ರ ನಿಜ. ಗುರಿಯತ್ತ ಸಾಗುವ ವೇಗ, ಉಳಿದ ದೂರದ w ಪಟ್ಟಿಗಿಂತ ಹೆಚ್ಚಿದ್ದರೆ ದಾಟಿಯೇ ದಾಟುತ್ತದೆ. ಕ್ಯಾಮೆರಾದಲ್ಲಿ ಅದು ಚಂದವೇ, ಅಂಕದಲ್ಲಿ ಆಟಗಾರನಿಗೆ ಇಲ್ಲದ ಅಂಕ ತೋರಿಸಿದಂತೆ. ಹಾಗಾಗಿ ಅಲ್ಲಿ ಗುರಿ ದಾಟಿದ ಕೂಡಲೇ x ಅನ್ನು ಗುರಿಗೆ ಕಟ್ಟಿ, `v` ಸೊನ್ನೆ ಮಾಡುತ್ತೇನೆ.

ಯೂನಿಟಿ ಬಳಸುವವರಿಗೆ ಇದು `Mathf.SmoothDamp` ಎಂದು ಸಿದ್ಧವಾಗಿಯೇ ಸಿಗುತ್ತದೆ. ಅಲ್ಲಿನ `smoothTime` ಎಂದರೆ 2/w, ನನ್ನ ಲೆಕ್ಕಕ್ಕೆ 0.13. ಹೆಸರು ನೋಡಿ ಅಷ್ಟು ಹೊತ್ತಿಗೆ ತಲುಪುತ್ತದೆಂದು ನಂಬಬೇಡಿ, ಆಗ ಮುಗಿದಿರುವುದು ನೂರಕ್ಕೆ 59ರಷ್ಟು ದಾರಿ ಮಾತ್ರ.

ಈಗ ನನ್ನ ಆಟದಲ್ಲಿ ಕ್ಯಾಮೆರಾ, ಅಂಕ, ಹೋರಿಯ ದಮ್ಮು ತೋರಿಸುವ ಪಟ್ಟಿ ಮೂರೂ ಸ್ಪ್ರಿಂಗ್ ಮೇಲೆ ಓಡುತ್ತವೆ. ಧೂಳು ಮಸುಕಾಗುವುದಕ್ಕೆ, ಹಲಗೆಯ ಸದ್ದು ಏರಿಳಿಯುವುದಕ್ಕೆ `exp` ಹಾಕಿದ ಲರ್ಪ್ ಉಳಿಸಿಕೊಂಡಿದ್ದೇನೆ. ಅವು ಗಕ್ಕನೆ ಶುರುವಾದರೂ ಯಾರಿಗೂ ತಿಳಿಯುವುದಿಲ್ಲ, ವೇಗದ ನೆನಪನ್ನು ಕಾಯುವ ಕೆಲಸವೂ ಇಲ್ಲ. ಹೊಸದನ್ನು ತಮ್ಮನಿಗೆ ಕಳಿಸಿದ್ದೇನೆ. "ಈಗ ಮುಂದಿನ ಮಂದಿ ಕಾಣ್ತಾರ ಅಣ್ಣಾ, ಇನ್ನ ಹೋರಿ ಸ್ವಲ್ಪ ಜೋರ್ ಮಾಡು" ಅಂದಿದ್ದಾನೆ.