ಮನೆಯಲ್ಲಿ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳೋ ಹಿರಿಯರಿದ್ದರೆ ಈ ಅರಿಶಿನದ ಕ್ಯಾಪ್ಸೂಲಿನವರನ್ನು ಹತ್ತಿರ ಸೇರಿಸಬೇಡಿ

ಕೊಡಗಿನಲ್ಲಿ ಮಳೆ ಹಿಡಿದರೆ ಮಂಡಿನೋವು ಇಲ್ಲದ ಹಿರಿಯರು ಸಿಗುವುದು ಕಷ್ಟ. ಇದನ್ನು ಚೆನ್ನಾಗಿ ತಿಳಿದವರೇ ಜುಲೈ ತಿಂಗಳಲ್ಲಿ ಕಲ್ಯಾಣ ಮಂಟಪ ಹಿಡಿದು "ಉಚಿತ ಮಂಡಿ ತಪಾಸಣೆ" ಮಾಡುತ್ತಾರೆ. ಗೋಣಿಕೊಪ್ಪಲಿನ ಕಡೆ ಹಾಗೆ ನಡೆದ ಒಂದು ಶಿಬಿರಕ್ಕೆ ಅಪ್ಪನನ್ನು ಕರೆದುಕೊಂಡು ಹೋಗಿದ್ದೆ. ತಪಾಸಣೆ ಐದು ನಿಮಿಷ, ಕ್ಯಾಪ್ಸೂಲಿನ ಭಾಷಣ ಒಂದು ಗಂಟೆ. ಮೂರು ಡಬ್ಬಿ ತಗೊಂಡರೆ ರಿಯಾಯಿತಿ. ನಿಮಗೆಲ್ಲ ಗೊತ್ತಿರುವ ವ್ಯವಹಾರವೇ.

ಅಪ್ಪನಿಗೆ 76. ಎದೆಬಡಿತ ಲಯ ತಪ್ಪುವ ತೊಂದರೆ ಇದೆ, ಡಾಕ್ಟರು ಏಟ್ರಿಯಲ್ ಫಿಬ್ರಿಲೇಷನ್ ಅನ್ನುತ್ತಾರೆ. ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗದಿರಲಿ ಅಂತ ಸಂಜೆ ಒಂದು ಅಸೆನೊಕೌಮರಾಲ್ ಮಾತ್ರೆ. ಇದೂ ರಕ್ತ ತೆಳು ಮಾಡುವ ವಾರ್ಫರಿನ್ನಿನ ಜಾತಿಯದೇ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತಿಳಿಸುವ ಐಎನ್‌ಆರ್ ಪರೀಕ್ಷೆ ಆಗಾಗ ಮಾಡಿಸಬೇಕು, ಅಪ್ಪನಂಥವರಿಗೆ ಅದು 2ರಿಂದ 3ರ ನಡುವೆ ಇರಬೇಕು, ಏರಿದಷ್ಟೂ ರಕ್ತಸ್ರಾವದ ಅಪಾಯ. ಶಿಬಿರಕ್ಕೆ ಹೋಗುವ ಮುಂಚಿನ ಪರೀಕ್ಷೆಯಲ್ಲಿ 2.4 ಇತ್ತು.

ಈಗ ಕೇಳಿ. ಕ್ಯಾಪ್ಸೂಲು ಮಾರುತ್ತಿದ್ದ ಮನುಷ್ಯನಿಗೆ ಅಪ್ಪ ತಾನೇ ಬಾಯಿಬಿಟ್ಟು ಹೇಳಿದರು: "ನಾನು ರಕ್ತ ತೆಳು ಮಾಡೋ ಮಾತ್ರೆ ತಗೊಳ್ತೇನೆ, ತೊಂದರೆ ಇಲ್ವಾ?" ಅವನು ನಕ್ಕ. "ಅಜ್ಜ, ಇನ್ನೂ ಒಳ್ಳೇದಾಯ್ತು. ಇದೂ ರಕ್ತ ಶುದ್ಧಿ ಮಾಡುತ್ತೆ. ಅರಿಶಿನ, ಕರಿಮೆಣಸು, ಅಷ್ಟೇ. ನಿಮ್ಮ ತೋಟದಲ್ಲೇ ಬೆಳೆಯೋ ಮೆಣಸಿಗೆ ನೀವೇ ಹೆದರೋದಾ?" ಸುತ್ತ ಕೂತವರೂ ನಕ್ಕರು. ಕಾಫಿ ಗಿಡದ ನಡುವೆ ಮೆಣಸಿನ ಬಳ್ಳಿ ಹಬ್ಬಿಸಿ ಬದುಕಿದ ಮನುಷ್ಯ ಅಷ್ಟು ಜನರೆದುರು ಮತ್ತೇನು ಕೇಳುತ್ತಾರೆ? ದುಡ್ಡು ಕೊಟ್ಟು ಮೂರು ಡಬ್ಬಿ ತಂದೆವು. ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಆಗಸ್ಟ್ ಮೊದಲ ವಾರ ಕೊಡವರ ಕಕ್ಕಡ ತಿಂಗಳ 18ನೇ ದಿನ ಬಂತು. ಮದ್ದು ಸೊಪ್ಪಿನ ಪಾಯಸ ಮಾಡಿದೆವು. ಅದನ್ನು ತಿಂದರೆ ಮೂತ್ರ ಕೆಂಪಾಗುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅಪ್ಪನಿಗೂ ಕೆಂಪಾಯಿತು, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮೆಲ್ಲರ ಮೂತ್ರ ಮೊದಲಿನಂತಾಯಿತು, ಅಪ್ಪನದ್ದು ಆಗಲಿಲ್ಲ. ಅವರು ಸಂಕೋಚಕ್ಕೆ ಹೇಳಲೂ ಇಲ್ಲ. ಅವ್ವನ ಕಣ್ಣಿಗೆ ಬಿದ್ದದ್ದು ದಿಂಬಿನ ಮೇಲೆ ರಕ್ತದ ಕಲೆ, ವಸಡಿನದ್ದು. ಅಂಗಿ ಎತ್ತಿ ನೋಡಿದರೆ ಎಲ್ಲೂ ಬಿದ್ದಿಲ್ಲದಿದ್ದರೂ ತೋಳಿನಲ್ಲಿ ಅಂಗೈಯಗಲ ನೀಲಿ.

ಶಿಬಿರದವನಿಗೆ ಫೋನ್ ಮಾಡಿದೆ. "ಅದು ಒಳಗಿನ ಉಷ್ಣ ಹೊರಗೆ ಹೋಗ್ತಾ ಇದೆ ಸರ್, ಮಾತ್ರೆ ಕೆಲಸ ಮಾಡ್ತಿದೆ ಅಂತ ಅರ್ಥ." ಮೂತ್ರದಲ್ಲಿ ರಕ್ತ ಹೋಗ್ತಿದೆ ಕಣ್ರೀ ಅಂದೆ. "ಅನುಮಾನ ಇದ್ರೆ ಆ ಇಂಗ್ಲಿಷ್ ಮಾತ್ರೆ ನಿಲ್ಲಿಸಿ, ಇದನ್ನೇ ಮುಂದುವರಿಸಿ." ಇದನ್ನು ಎರಡು ಸಲ ಓದಿ. ಲಕ್ವ ಹೊಡೆಯದಿರಲಿ ಅಂತ ಕೊಟ್ಟ ಮಾತ್ರೆ ನಿಲ್ಲಿಸಿ ತನ್ನ ಡಬ್ಬಿ ನುಂಗಿ ಅಂದ!

ಮಡಿಕೇರಿಗೆ ಕರೆದುಕೊಂಡು ಹೋದೆವು. ಐಎನ್‌ಆರ್ 8.6. ಮೂತ್ರದಲ್ಲಿ ರಕ್ತಕಣ ತುಂಬಿತ್ತು, ಅಂದರೆ ಸೊಪ್ಪಿನ ಬಣ್ಣವಲ್ಲ. ಅಲ್ಲಿನ ಡಾಕ್ಟರು ಅಸೆನೊಕೌಮರಾಲ್ ತಡೆಹಿಡಿದು ರಕ್ತ ಹೆಪ್ಪುಗಟ್ಟಲು ನೆರವಾಗುವ ವಿಟಮಿನ್ ಕೆ ಸ್ವಲ್ಪ ರಕ್ತನಾಳಕ್ಕೆ ನಿಧಾನವಾಗಿ ಕೊಟ್ಟರು, ದಾಖಲು ಮಾಡಿಕೊಂಡು ದಿನವೂ ಐಎನ್‌ಆರ್ ನೋಡಿದರು. ತಲೆಗೆ ಏಟು ಬಿದ್ದಿದೆಯಾ ಅಂತ ಮತ್ತೆ ಮತ್ತೆ ಕೇಳಿದರು. ಈ ಮಟ್ಟದಲ್ಲಿ ವಯಸ್ಸಾದವರು ಬಚ್ಚಲಲ್ಲಿ ಜಾರಿದರೂ ಮಿದುಳಲ್ಲಿ ರಕ್ತಸ್ರಾವ ಆಗಬಹುದಂತೆ.

ಆಮೇಲೆ ಹೊಸದಾಗಿ ಏನು ತಗೊಂಡಿರಿ ಅಂದರು. ಡಬ್ಬಿ ಕೊಟ್ಟೆ. ಒಂದು ಕ್ಯಾಪ್ಸೂಲಿನಲ್ಲಿ 500 ಮಿಲಿಗ್ರಾಂ ಅರಿಶಿನದ ಸಾರ, ಅದರಲ್ಲಿ ಶೇ. 95 ಕರ್ಕ್ಯುಮಿನ್, ಜೊತೆಗೆ ಮೆಣಸಿನ ಪೈಪರಿನ್ 5 ಮಿಲಿಗ್ರಾಂ. ದಿನಕ್ಕೆ ಎರಡು. ಅವರು ಚೀಟಿಯ ಹಿಂದೆ ಲೆಕ್ಕ ಬರೆದು ತೋರಿಸಿದರು. ಅಡುಗೆಯ ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರು ಪಾಲಿನ ಆಸುಪಾಸು. ಎರಡು ಕ್ಯಾಪ್ಸೂಲಿನಷ್ಟು ಕರ್ಕ್ಯುಮಿನ್ ಬೇಕಾದರೆ ದಿನಕ್ಕೆ ಸುಮಾರು 30 ಗ್ರಾಂ ಪುಡಿ ತಿನ್ನಬೇಕು, ಅಂದರೆ ಹತ್ತು ಚಮಚ. ಯಾರ ಮನೆ ಸಾರಿನಲ್ಲಿ ಅಷ್ಟು ಬೀಳುತ್ತದೆ? ಅದೂ ಅಲ್ಲದೆ ಅಡುಗೆಯ ಅರಿಶಿನದ ಬಹುಪಾಲು ಮೈಗೆ ಹತ್ತುವುದೇ ಇಲ್ಲ. ಹತ್ತಲಿ ಅಂತಲೇ ಪೈಪರಿನ್ ಸೇರಿಸುವುದು. 1998ರಲ್ಲಿ ಬೆಂಗಳೂರಿನಲ್ಲೇ ನಡೆದ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ಮೈ ಹೀರಿಕೊಳ್ಳುವ ಪ್ರಮಾಣ ಸುಮಾರು ಇಪ್ಪತ್ತು ಪಟ್ಟು ಏರಿತ್ತು. ಮಾರುವವರು ಇದನ್ನೇ ಹೆಮ್ಮೆಯಿಂದ ಹೇಳುತ್ತಾರೆ. ಪೈಪರಿನ್ ಈ ಕೆಲಸ ಮಾಡುವುದು ಔಷಧಿಗಳನ್ನು ಒಡೆದು ಹೊರಹಾಕುವ ಕಿಣ್ವಗಳನ್ನು ತಡೆದು ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಆ ಅಡ್ಡಿ ಬೇರೆ ಮಾತ್ರೆಗಳಿಗೂ ತಟ್ಟಬಹುದು. ಆಗ ದಿನದ ಅದೇ ಮಾತ್ರೆ ಹೆಚ್ಚು ಹೊತ್ತು ಮೈಯಲ್ಲಿ ನಿಂತು ಹೆಚ್ಚು ಕೆಲಸ ಮಾಡುತ್ತದೆ. ಸಾಲದ್ದಕ್ಕೆ ಕರ್ಕ್ಯುಮಿನ್‌ಗೆ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟುವುದನ್ನು ಕಡಿಮೆ ಮಾಡುವ ಗುಣವೂ ಇದೆ, ಅದು ಐಎನ್‌ಆರ್ ಪರೀಕ್ಷೆಯಲ್ಲಿ ಕಾಣುವುದಿಲ್ಲ.

ಇದು ನಮ್ಮೊಬ್ಬರ ಕತೆಯಲ್ಲ. ವಾರ್ಫರಿನ್ ಮೇಲೆ ಸ್ಥಿರವಾಗಿದ್ದ ಒಬ್ಬರು ಅರಿಶಿನದ ಪೂರಕ ಶುರುಮಾಡಿದ ಕೆಲವೇ ವಾರಗಳಲ್ಲಿ ಐಎನ್‌ಆರ್ 10 ದಾಟಿತು ಅಂತ 2018ರಲ್ಲೇ ನ್ಯೂಜಿಲೆಂಡಿನ ಔಷಧ ನಿಯಂತ್ರಕರು ಎಚ್ಚರಿಸಿದ್ದಾರೆ. ಎಲ್ಲರಿಗೂ ಹೀಗಾಗುವುದಿಲ್ಲ, ಯಾರಿಗೆ ಆಗುತ್ತದೆ ಅಂತ ಮೊದಲೇ ಹೇಳಲೂ ಆಗುವುದಿಲ್ಲ ಅಂದರು ಡಾಕ್ಟರು. ಐಎನ್‌ಆರ್ ನೋಡಬೇಕಿಲ್ಲದ ಹೊಸ ಮಾತ್ರೆಗಳಿವೆಯಲ್ಲ, ಅಪಿಕ್ಸಬಾನ್, ಡಾಬಿಗಾಟ್ರಾನ್, ಅವನ್ನು ತಗೊಳ್ಳುವವರೂ ನಿಶ್ಚಿಂತೆಯಿಂದ ಇರಬೇಡಿ. ನಿಮಗಂತೂ ಏರಿದ್ದು ತೋರಿಸಲು ತಿಂಗಳ ಪರೀಕ್ಷೆಯೂ ಇಲ್ಲ.

ಅಪ್ಪ ಮನೆಗೆ ಬಂದ ಮೇಲೆ ಮತ್ತೆ ಅವನಿಗೆ ಫೋನ್ ಮಾಡಿದೆ. ಈ ಸಲದ ಉತ್ತರ: "ನಾವು ಔಷಧಿ ಅಂತ ಮಾರಿಲ್ಲ ಸರ್. ಡಬ್ಬಿ ಓದಿ." ಓದಿದೆ. ಭೂತಗನ್ನಡಿ ಬೇಕಾಗುವಷ್ಟು ಸಣ್ಣಕ್ಷರದಲ್ಲಿ ಔಷಧೀಯ ಬಳಕೆಗಲ್ಲ ಅಂತ ಇಂಗ್ಲಿಷಿನಲ್ಲಿತ್ತು. ಮಂಟಪದಲ್ಲಿ ಮೈಕ್ ಹಿಡಿದಾಗ ಮಂಡಿಗೆ ಮದ್ದು, ರಕ್ತಸ್ರಾವ ಆದಾಗ ಬರೀ ಆಹಾರ! ದುಡ್ಡು ಕೇಳಿದ್ದಕ್ಕೆ, ಸೀಲ್ ಒಡೆದ ಡಬ್ಬಿ ವಾಪಸ್ಸಿಲ್ಲ ಅಂದ. ಉಳಿದೆರಡು ಸೀಲ್ ಒಡೆದಿಲ್ಲ ಅಂದೆ. ಬದಲಿಗೆ ಎಣ್ಣೆ ಕಳಿಸ್ತೇನೆ ಅಂದ. ಆಮೇಲೆ ನನ್ನ ನಂಬರು ಬ್ಲಾಕ್.

ಸಾರಿಗೆ ಹಾಕುವ ಚಿಟಿಕೆ ಅರಿಶಿನ ಬಿಡಬೇಕಿಲ್ಲ, ಅಪ್ಪನಿಗೂ ಬಿಡಿಸಿಲ್ಲ. ಕ್ಯಾಪ್ಸೂಲು, ಸಾರ, ಎಕ್ಸ್‌ಟ್ರಾಕ್ಟ್ ಅಂತ ಬರೆದದ್ದು ಏನೇ ಇರಲಿ, ಬಾಯಿಗೆ ಹಾಕುವ ಮೊದಲು ರಕ್ತದ ಮಾತ್ರೆ ಬರೆದ ಡಾಕ್ಟರಿಗೇ ಡಬ್ಬಿ ತೋರಿಸಿ, ಮಾರುವವನನ್ನು ಕೇಳಬೇಡಿ. ಈಗಾಗಲೇ ತಿನ್ನುತ್ತಿದ್ದರೆ ಅದನ್ನು ನಿಲ್ಲಿಸಿ ಕೂಡಲೇ ಐಎನ್‌ಆರ್ ಮಾಡಿಸಿ, ರಕ್ತದ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ವಸಡು, ಮೂತ್ರ, ಕಪ್ಪು ಮಲ, ಕಾರಣವಿಲ್ಲದ ನೀಲಿ ಕಂಡರೆ, ತಲೆಗೆ ಏಟು ಬಿದ್ದರೆ, ಆಸ್ಪತ್ರೆಗೆ ಓಡಿ. ಕಕ್ಕಡದಲ್ಲಿ ರಕ್ತದ ಮಾತ್ರೆ ತಗೊಳ್ಳುವವರ ಮೂತ್ರ ಕೆಂಪಾದರೆ ಪಾಯಸ ಅಂತ ಸುಮ್ಮನಾಗದೆ ಪರೀಕ್ಷೆ ಮಾಡಿಸಿ. ಹೀಗೆ ಅಡ್ಡಪರಿಣಾಮ ಆದರೆ ಸರ್ಕಾರದ ಸಹಾಯವಾಣಿ 1800-180-3024ಕ್ಕೆ ಯಾರು ಬೇಕಾದರೂ ಕರೆ ಮಾಡಿ ದೂರು ಬರೆಸಬಹುದು, ದುಡ್ಡಿಲ್ಲ. ನಾನು ಬರೆಸಿದ್ದೇನೆ. ಇದೇ ಡಬ್ಬಿ ತಂದವರು ಗೋಣಿಕೊಪ್ಪಲಿನ ಆಸುಪಾಸಿನಲ್ಲಿ ಇನ್ನೂ ತುಂಬ ಜನ ಇದ್ದಾರೆ, ದಯವಿಟ್ಟು ನೀವೂ ಬರೆಸಿ.