ಆರು ಅಡಿ ಬ್ಯಾನರ್‌ಗೆ ಪವರ್‌ಪಾಯಿಂಟ್, ಗೂಗಲ್ ಸ್ಲೈಡ್ಸ್, ಇಂಪ್ರೆಸ್: ನನ್ನ ಓಟು ಇಂಪ್ರೆಸ್‌ಗೆ

ನಮ್ಮ ಅಪಾರ್ಟ್‌ಮೆಂಟಿನ ರಾಜ್ಯೋತ್ಸವದ ಫ್ಲೆಕ್ಸ್ ಪ್ರತಿ ವರ್ಷ ನನ್ನ ತಲೆಗೇ ಬರುತ್ತೆ. ಅಳತೆ 6 ಅಡಿ ಅಗಲ, 3 ಅಡಿ ಎತ್ತರ. ಪ್ರಿಂಟ್ ಅಂಗಡಿಯವರು ವಿನ್ಯಾಸಕ್ಕೆ ಬಳಸೋ ಕೋರೆಲ್ ಡ್ರಾ ನನಗೆ ಬರಲ್ಲ, ದುಡ್ಡು ಕೊಟ್ಟು ಕೊಳ್ಳುವ ಮನಸ್ಸೂ ಇಲ್ಲ, ಹಾಗಾಗಿ ಸ್ಲೈಡ್ ಮಾಡುವ ಸಾಫ್ಟ್‌ವೇರ್‌ಗಳಲ್ಲೇ ಕೆಲಸ ಮುಗಿಸ್ತೀನಿ. ಮೂರರಲ್ಲೂ ಮಾಡಿ ನೋಡಿದ್ದೇನೆ. ಈಗ ಲಿಬ್ರೆ ಆಫೀಸ್ ಇಂಪ್ರೆಸ್ ಬಿಟ್ಟು ಬೇರೆ ಕಡೆ ಹೋಗಲ್ಲ.

ಮೊದಲು ಅಳತೆ. 6 ಅಡಿ ಅಂದರೆ 72 ಇಂಚು. ಪವರ್‌ಪಾಯಿಂಟ್‌ನ `Custom Slide Size` 56 ಇಂಚಿಗೇ ನಿಂತುಬಿಡುತ್ತೆ. ಅರ್ಧ ಅಳತೆಯಲ್ಲಿ, ಅಂದರೆ 36 × 18 ಇಂಚಿನಲ್ಲಿ ಮಾಡಿ, ಪ್ರಿಂಟ್‌ನವರಿಗೆ ಎರಡು ಪಟ್ಟು ಹಿಗ್ಗಿಸಿ ಅಂತ ಹೇಳಬೇಕು. ಅದೇನೂ ತಪ್ಪಲ್ಲ, ಆದರೆ ಪ್ರತಿ ಅಕ್ಷರದ ಗಾತ್ರವನ್ನೂ ಮನಸ್ಸಿನಲ್ಲೇ ದುಪ್ಪಟ್ಟು ಮಾಡಿಕೊಳ್ತಾ ಕೂರಬೇಕು. ಇಂಪ್ರೆಸ್‌ನಲ್ಲಿ `Slide Properties` ತೆರೆದು 182.88 × 91.44 ಸೆಂ.ಮೀ. ಬರೆದರೆ ಆಯಿತು, ಪೂರ್ತಿ ಅಳತೆಯ ಹಾಳೆ ಸಿಗುತ್ತೆ. ಗೂಗಲ್ ಸ್ಲೈಡ್ಸ್‌ನಲ್ಲಿ `Page setup`ಗೆ ಹೋಗಿ ಅರ್ಧ ಅಳತೆ ಕೊಟ್ಟಿದ್ದೆ. ಕಮಿಟಿಯವರೆಲ್ಲ ಒಟ್ಟಿಗೆ ತಿದ್ದೋಕೆ ಅದು ಚೆನ್ನ, ಅಷ್ಟೇ.

ನಿಜವಾದ ತಲೆನೋವು ಶುರುವಾಗೋದು ಪ್ರಿಂಟ್ ಅಂಗಡಿಯಲ್ಲಿ. ಪಿಡಿಎಫ್‌ನಲ್ಲಿ ಅಕ್ಷರಗಳು ಗೆರೆಗಳಾಗಿಯೇ ಉಳಿಯುವುದರಿಂದ ಎಷ್ಟು ಹಿಗ್ಗಿಸಿದರೂ ಒಡೆಯಲ್ಲ, ಅದನ್ನೇ ಕೊಡಿ ಅಂತ ಎಲ್ಲರೂ ಹೇಳ್ತಾರೆ. ಮಾತು ಸರಿಯೇ. ಆದರೆ ನಾನು ಹೋದ ಅಂಗಡಿಯ ಹುಡುಗ ಪಿಡಿಎಫನ್ನು ನೇರವಾಗಿ ಪ್ರಿಂಟ್‌ಗೆ ಹಾಕಲಿಲ್ಲ, ಹಳೆಯ ಕೋರೆಲ್ ಡ್ರಾದಲ್ಲಿ ತೆರೆದ. ನನ್ನ ಯೂನಿಕೋಡ್ ಫಾಂಟ್ ಆ ಕಂಪ್ಯೂಟರಿನಲ್ಲಿ ಇರಲಿಲ್ಲ, ಬದಲಿ ಫಾಂಟ್ ಬಂದು ಕೂತಿತು. ‘ರಾಜ್ಯೋತ್ಸವ’ದಲ್ಲಿ ಜಕಾರದ ಕೆಳಗಿರಬೇಕಾದ ಯಒತ್ತು ಕಳಚಿಕೊಂಡು ಪಕ್ಕಕ್ಕೆ ಹೋಯಿತು, ತಕಾರದ ಸಒತ್ತು ಇದ್ದ ಜಾಗದಲ್ಲಿ ಖಾಲಿ ಚೌಕ. “ಬಿಡಿ ಸಾರ್, ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡ್ಕೊಡ್ತೀನಿ” ಅಂದ. ಮತ್ತೆ ಟೈಪ್ ಮಾಡಿಸಿದರೆ ಪ್ರೂಫ್ ನೋಡೋ ಕೆಲಸವೂ ಮತ್ತೆ ಮೊದಲಿಂದ. ನವೆಂಬರ್ ಒಂದರ ಹಿಂದಿನ ಸಂಜೆ ಅದು ಯಾರಿಗೆ ಬೇಕು?

ಇದಕ್ಕೆ ಗ್ಯಾರಂಟಿ ಉಪಾಯ ಅಂದರೆ ಅಕ್ಷರವನ್ನು ಚಿತ್ರವಾಗಿಯೇ ಕೊಡೋದು. ಚಿತ್ರದಲ್ಲಿ ಒತ್ತಕ್ಷರ ಕಳಚಿಕೊಳ್ಳೋ ಪ್ರಶ್ನೆಯೇ ಇಲ್ಲ. ಆದರೆ ಪಿಕ್ಸೆಲ್ ಸಾಲಬೇಕು. ದೂರದಿಂದ ನೋಡೋ ಬ್ಯಾನರ್‌ಗೆ ಇಂಚಿಗೆ 100 ಸಾಕು, ಅಂದರೆ 7200 × 3600. ಪವರ್‌ಪಾಯಿಂಟ್ ತಾನಾಗಿ ಪಿಎನ್‌ಜಿ ಚಿತ್ರ ಮಾಡೋದು ಇಂಚಿಗೆ 96ರ ಲೆಕ್ಕದಲ್ಲಿ. 36 ಇಂಚಿಗೆ 3456 ಪಿಕ್ಸೆಲ್ ಆಯಿತು, ಅದನ್ನೇ 72 ಇಂಚಿಗೆ ಎಳೆದರೆ ಇಂಚಿಗೆ ಉಳಿಯೋದು 48. ದೊಡ್ಡ ತಲೆಬರಹ ಹೇಗೋ ನಡೆಯುತ್ತೆ, ಕೆಳಗಿನ ಸಣ್ಣ ಸಾಲಿನ ಒತ್ತುಗಳ ಅಂಚು ಮಸುಕಾಗಿ ಒಂದಕ್ಕೊಂದು ಅಂಟಿದ ಹಾಗೆ ಕಾಣುತ್ತೆ. ಇದನ್ನು ಹೆಚ್ಚಿಸೋಕೆ ಮೆನುವಿನಲ್ಲಿ ಜಾಗವೇ ಇಲ್ಲ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳೋ ರಿಜಿಸ್ಟ್ರಿಗೆ ಕೈ ಹಾಕಬೇಕು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಈ ಸಾಲು ಕೊಡಬೇಕು:

```
reg add HKCU\Software\Microsoft\Office\16.0\PowerPoint\Options /v ExportBitmapResolution /t REG_DWORD /d 200
```

ಪವರ್‌ಪಾಯಿಂಟ್ ಮುಚ್ಚಿ ಮತ್ತೆ ತೆರೆದರೆ ಅರ್ಧ ಅಳತೆಗೆ 200, ಪೂರ್ತಿ ಅಳತೆಗೆ 100 ಸಿಕ್ಕಿತು. ಕೆಲಸವೇನೋ ಆಗುತ್ತೆ. ಆದರೆ ಆಫೀಸಿನ ಲ್ಯಾಪ್‌ಟಾಪಿನಲ್ಲಿ ಇದಕ್ಕೆಲ್ಲ ಅನುಮತಿ ಕೊಡಲ್ಲ. ಗೂಗಲ್ ಸ್ಲೈಡ್ಸ್‌ನಲ್ಲಿ ಪಿಎನ್‌ಜಿ ಇಳಿಸುವಾಗ ರೆಸಲ್ಯೂಶನ್ ಎಷ್ಟಿರಬೇಕು ಅಂತ ಕೇಳೋದೇ ಇಲ್ಲ, ಕೊಟ್ಟಷ್ಟು ತಗೋಬೇಕು.

ಇಂಪ್ರೆಸ್‌ನಲ್ಲಿ `Export` ಒತ್ತಿ ಪಿಎನ್‌ಜಿ ಆರಿಸಿದ ಕೂಡಲೇ ಅಗಲ, ಎತ್ತರ, ರೆಸಲ್ಯೂಶನ್ ಕೇಳುವ ಪೆಟ್ಟಿಗೆ ಬರುತ್ತೆ. ರೆಸಲ್ಯೂಶನ್‌ಗೆ ಇಂಚಿಗೆ 100, ಅಗಲಕ್ಕೆ 7200 ಪಿಕ್ಸೆಲ್, ಎತ್ತರಕ್ಕೆ 3600 ಪಿಕ್ಸೆಲ್ ಬರೆದು ಸರಿ ಅಂದರೆ ಮುಗಿಯಿತು. ಇಷ್ಟು ದೊಡ್ಡ ಚಿತ್ರಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತೆ, ತಾಳ್ಮೆ ಇರಲಿ. ಅಂಗಡಿಗೆ ವಾಟ್ಸಾಪ್‌ನಲ್ಲಿ ಕಳಿಸೋದಾದರೆ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಅದು ಕುಗ್ಗಿಸಿಬಿಡುತ್ತೆ.

ಅಕ್ಷರದ ಗಾತ್ರಕ್ಕೆ ನಾನು ಹಿಡಿದಿರೋ ಲೆಕ್ಕ: ಹತ್ತು ಅಡಿ ದೂರಕ್ಕೆ ಒಂದಿಂಚು ಎತ್ತರ. ಗೇಟಿನಿಂದ 30 ಅಡಿಗೆ ಕಾಣಬೇಕಾದ ತಲೆಬರಹಕ್ಕೆ 3 ಇಂಚು. ಒಂದಿಂಚಿಗೆ 72 ಪಾಯಿಂಟ್ ಅಂತ 216 ಕೊಟ್ಟರೆ ಮಾತ್ರ ಸಾಲಲ್ಲ. ಫಾಂಟ್ ಗಾತ್ರದಲ್ಲಿ ಕೆಳಗಿನ ಒತ್ತಿನ ಜಾಗವೂ ಸೇರಿರುತ್ತೆ, ಹಾಗಾಗಿ ಅಕ್ಷರದ ಮೈ ಅದಕ್ಕಿಂತ ತುಂಬಾ ಚಿಕ್ಕದಾಗಿ ಬರುತ್ತೆ. ನಾನು 400ರ ಆಸುಪಾಸಿನಿಂದ ಶುರುಮಾಡಿ, ರೂಲರ್ ಆನ್ ಮಾಡಿ, ಒತ್ತು ಬಿಟ್ಟು ‘ಕ’ದ ಎತ್ತರ ಅಳೆದು ಹೊಂದಿಸ್ತೀನಿ. ಫಾಂಟ್ ನೋಟೋ ಸ್ಯಾನ್ಸ್ ಕನ್ನಡ, ಬೋಲ್ಡ್. ತೆಳು ಗೆರೆಯ ಅಲಂಕಾರದ ಫಾಂಟ್‌ಗಳು ಫ್ಲೆಕ್ಸ್ ಮೇಲೆ ದೂರಕ್ಕೆ ಮಾಯವಾಗ್ತವೆ.

ಇಂಪ್ರೆಸ್‌ನ ಒಂದು ಕಿರಿಕಿರಿ ಹೇಳಲೇಬೇಕು: ಪವರ್‌ಪಾಯಿಂಟ್ ಫೈಲನ್ನು ಅದರಲ್ಲಿ ತೆರೆದರೆ ಪೆಟ್ಟಿಗೆಗಳು ಅಲ್ಲಿ ಇಲ್ಲಿ ಜರುಗುತ್ತವೆ. ನಾನು ಮೊದಲಿಂದ ಅದರಲ್ಲೇ ಮಾಡೋದರಿಂದ ನನಗೆ ತೊಂದರೆ ಇಲ್ಲ. ಮನೆ ಕಂಪ್ಯೂಟರಿನಲ್ಲಿ ಪವರ್‌ಪಾಯಿಂಟ್ ಇದ್ದು, ರಿಜಿಸ್ಟ್ರಿ ಮುಟ್ಟೋಕೆ ಭಯ ಇಲ್ಲದವರು ಅದರಲ್ಲೇ ಮುಂದುವರಿಯಬಹುದು. ವರ್ಷಕ್ಕೊಂದು ಬ್ಯಾನರ್ ಮಾಡುವ ನನ್ನಂಥವರಿಗೆ ಪುಕ್ಕಟೆ ಸಿಗೋ ಇಂಪ್ರೆಸ್ ಧಾರಾಳ ಸಾಕು.